ಹುಲ್ಲಿನ ಪೆಟ್ಟಿಗೆಯೋ, ಥರ್ಮಾಕೋಲ್ ಪೆಟ್ಟಿಗೆಯೋ? ರಾಜ್ಮಾ ಬೇಯಿಸಿ ನೋಡಿದ್ದು

ಕುದಿಸಿದ ಪಾತ್ರೆಯನ್ನು ಬೆಚ್ಚಗೆ ಮುಚ್ಚಿಟ್ಟರೆ, ಒಳಗಿರುವ ಬಿಸಿಯಲ್ಲೇ ಉಳಿದ ಅಡುಗೆ ಬೇಯುತ್ತದೆ. ಯಾವ ಪೆಟ್ಟಿಗೆ ಮೇಲು ಎಂದು ನೋಡಲು ನಾನು ರಾಜ್ಮಾವನ್ನೇ ಆರಿಸಿಕೊಂಡೆ. ಇದು ಬೇಯೋದು ಕಷ್ಟ. ಜೊತೆಗೆ ಅರೆಬೆಂದರೆ ಹೊಟ್ಟೆ ಕೆಡಿಸುತ್ತದೆ.

ಎರಡು ಪೆಟ್ಟಿಗೆಗೂ ತಯಾರಿ ಒಂದೇ. ಅರ್ಧ ಕಿಲೋ ಕಾಳನ್ನು ರಾತ್ರಿಯಿಡೀ ನೆನೆಸಿ, ಆ ನೀರು ಚೆಲ್ಲಿದೆ. ಹೊಸ ನೀರು ಹಾಕಿ, ಕಾಳು ನೀರು ಸೇರಿ ಸುಮಾರು 4 ಲೀಟರ್ ಆಗುವಂತೆ ಪಾತ್ರೆ ತುಂಬಿಸಿದೆ. ಹತ್ತು ನಿಮಿಷ ಜೋರಾಗಿ ಕುದಿಸಲೇಬೇಕು. ಹಸಿ ರಾಜ್ಮಾದಲ್ಲಿರುವ ವಿಷ ಸಾಯುವುದು ಆ ಕುದಿತದಲ್ಲಿ, ಪೆಟ್ಟಿಗೆಯ ಬಿಸಿಯಲ್ಲಲ್ಲ. ಆಮೇಲೆ ಮುಚ್ಚಳ ಹಾಕಿ ಇನ್ನೂ ಹದಿನೈದು ನಿಮಿಷ ಸಣ್ಣ ಉರಿ. ಕಾಳಿನ ಒಳಗೂ ಬಿಸಿ ಇಳಿಯಲಿ ಅಂತ. ಮುಚ್ಚಳ ತೆಗೆಯದೆ ಹಾಗೇ ಪೆಟ್ಟಿಗೆಗೆ.

ಒಳಗೆ ಹೋಗುವಾಗ 98 ಡಿಗ್ರಿ ಇತ್ತು. ನಾಲ್ಕು ಗಂಟೆ ಬಿಟ್ಟು ತೆಗೆದಾಗ ಹುಲ್ಲಿನದರಲ್ಲಿ 76, ಥರ್ಮಾಕೋಲ್‌ನಲ್ಲಿ 81. ಐದು ಡಿಗ್ರಿ ಏನು ಮಹಾ ಅನಿಸಬಹುದು. ಆದರೆ 80ರ ಕೆಳಗೆ ಕಾಳು ಮೆತ್ತಗಾಗುವುದು ತುಂಬಾ ನಿಧಾನ. ಥರ್ಮಾಕೋಲ್‌ನ ಕಾಳು ಬೆರಳಲ್ಲಿ ಒತ್ತಿದರೆ ಪೂರ್ತಿ ನುಣ್ಣಗಾಯಿತು. ಹುಲ್ಲಿನದಕ್ಕೆ ನಡುವೆ ಇನ್ನೂ ಗಟ್ಟಿ ಇತ್ತು. ಐದು ನಿಮಿಷ ಮತ್ತೆ ಕುದಿಸಿ ಎರಡು ಗಂಟೆ ಇಟ್ಟ ಮೇಲೆ ಸರಿಹೋಯಿತು.

ಪೆಟ್ಟಿಗೆಗಿಂತ ಜಾಸ್ತಿ ವ್ಯತ್ಯಾಸ ಮಾಡಿದ್ದು ಪಾತ್ರೆಯಲ್ಲಿದ್ದ ಪ್ರಮಾಣ. ಅದೇ ಥರ್ಮಾಕೋಲ್ ಪೆಟ್ಟಿಗೆಯಲ್ಲಿ 2 ಲೀಟರ್ ಮಾತ್ರ ಇಟ್ಟಾಗ ನಾಲ್ಕು ಗಂಟೆಗೆ 66ಕ್ಕೆ ಇಳಿದಿತ್ತು. ಬಿಸಿ ಹಿಡಿದಿಡುವುದು ನೀರು ತಾನೇ? ಕಡಿಮೆ ಅಡುಗೆಯಾದರೆ ಸಣ್ಣ ಪಾತ್ರೆ ತುಂಬಾ ಇಡಿ, ಸುತ್ತಲಿನ ಜಾಗಕ್ಕೆ ಬಟ್ಟೆ ತುರುಕಿ. ಖಾಲಿ ಗಾಳಿ ಇರಬಾರದು.

ಥರ್ಮಾಕೋಲ್‌ಗೆ ಒಂದು ತೊಂದರೆ ಇದೆ. ಬಿಸಿ ಪಾತ್ರೆ ನೇರ ತಗುಲಿದರೆ ಅದು ಮೆತ್ತಗಾಗಿ ಕುಗ್ಗುತ್ತದೆ. ಪಾತ್ರೆಯ ಕೆಳಗೆ ಮರದ ಹಲಗೆ, ಸುತ್ತ ದಪ್ಪ ಕಂಬಳಿ ಬೇಕೇ ಬೇಕು. ಹುಲ್ಲಿಗೆ ಆ ಭಯವಿಲ್ಲ. ಆದರೆ ಎಲ್ಲ ಕಡೆ ಒಂದು ಗೇಣಿನಷ್ಟು ದಪ್ಪಕ್ಕೆ ಒತ್ತಿ ತುಂಬಬೇಕು, ಮೇಲೆ ಹುಲ್ಲಿನ ದಿಂಬು ಇಡಬೇಕು. ಆವಿ ಕುಡಿದು ಒದ್ದೆಯಾದ ಹುಲ್ಲು ಬಿಸಿ ಬಿಟ್ಟುಕೊಡುತ್ತದೆ, ಬೂಸ್ಟೂ ಹಿಡಿಯುತ್ತದೆ. ಹಾಗಾಗಿ ಆಗಾಗ ಬಿಸಿಲಿಗೆ ಹಾಕಬೇಕು.

ತರಕಾರಿ ಸ್ಟ್ಯೂಗೆ ಎರಡೂ ಸಾಕು. ಆಲೂಗಡ್ಡೆ, ಕ್ಯಾರೆಟ್ ಹತ್ತು ನಿಮಿಷ ಕುದಿದರೆ ಎರಡರಿಂದ ಮೂರು ಗಂಟೆಯಲ್ಲಿ ಬೆಂದಿರುತ್ತವೆ. ನೀರು ಆವಿಯಾಗಿ ಹೋಗದ ಕಾರಣ ಮಾಮೂಲಿಗಿಂತ ಕಡಿಮೆ ಹಾಕಿ. ಟೊಮೆಟೊ, ಹುಣಸೆಹಣ್ಣಿನಂಥ ಹುಳಿಯನ್ನು ಕಾಳು ಬೆಂದ ಮೇಲೇ ಸೇರಿಸಿ, ಇಲ್ಲದಿದ್ದರೆ ಸಿಪ್ಪೆ ಗಟ್ಟಿಯಾಗೇ ಉಳಿಯುತ್ತದೆ.

ರಾಜ್ಮಾಕ್ಕೆ ನನ್ನ ಆಯ್ಕೆ ಥರ್ಮಾಕೋಲ್. ಯಾವುದೇ ಪೆಟ್ಟಿಗೆಯಾದರೂ, ತೆಗೆದಾಗ 60ರ ಕೆಳಗಿದ್ದರೆ ಕಾದು ಕೂರಬೇಡಿ. ಆಗಷ್ಟೇ ಇಳಿದಿದೆ ಎಂದು ಗೊತ್ತಿದ್ದರೆ ತಕ್ಷಣ ಕುದಿಸಿ. ಗಂಟೆಗಟ್ಟಲೆ ಉಗುರುಬೆಚ್ಚಗೆ ಇದ್ದದ್ದನ್ನು ಚೆಲ್ಲಿ.