ಬಿಸಿ ಕಾಫಿಗೆ, ಪ್ಯಾನ್‌ಕೇಕ್‌ಗೆ ವ್ಹೇ ಪುಡಿ: ಬಹುಕಾಲ ಬಳಸಿದ ಮೇಲಿನ ವಿಮರ್ಶೆ

ಇಲ್ಲಿ ವಿಮರ್ಶೆಗೆ ತೆಗೆದುಕೊಂಡಿರುವುದು ಸಿಹಿ, ಫ್ಲೇವರ್ ಏನೂ ಸೇರಿಸದ ಸಾದಾ ವ್ಹೇ ಕಾನ್ಸನ್‌ಟ್ರೇಟ್, ಅಂದರೆ ಹಾಲು ಒಡೆದಾಗ ಉಳಿಯುವ ನೀರಿನಿಂದ ತೆಗೆದ ಪ್ರೋಟೀನ್ ಪುಡಿ. ಡಬ್ಬದ ಮೇಲೆ 80% ಪ್ರೋಟೀನ್ ಎಂದು ಬರೆದಿರುತ್ತದಲ್ಲ, ಅದೇ. ಕಂಪನಿಯ ಹೆಸರು ಹೇಳುತ್ತಿಲ್ಲ, ಏಕೆಂದರೆ ಈ ಬಗೆಯ ಪುಡಿಗಳೆಲ್ಲ ಬಿಸಿಗೆ ಸಿಕ್ಕಾಗ ಹೆಚ್ಚುಕಡಿಮೆ ಒಂದೇ ರೀತಿ ನಡೆದುಕೊಳ್ಳುತ್ತವೆ. ಕೊಳ್ಳುವವರು ಮೊದಲು ಕೇಳುವ ಪ್ರಶ್ನೆ: ಬಿಸಿ ಕಾಫಿಗೆ ಹಾಕಿದರೆ, ಕಾವಲಿಯ ಮೇಲೆ ಬೇಯಿಸಿದರೆ ಪ್ರೋಟೀನ್ ಸತ್ತುಹೋಗುತ್ತದೆಯೇ? ಇಲ್ಲ. 30 ಗ್ರಾಂ ಪುಡಿಯಲ್ಲಿ ಸುಮಾರು 23 ಗ್ರಾಂ ಪ್ರೋಟೀನ್ ಇದ್ದರೆ, ಕಾಫಿ ಕುಡಿದು ಮುಗಿಸಿದಾಗಲೂ ಹೊಟ್ಟೆಗೆ ಅಷ್ಟೇ ಸೇರುತ್ತದೆ. ಆದರೆ ಹದ ಕೆಡುತ್ತದೆ, ಅದೂ ಚೆನ್ನಾಗಿಯೇ ಕೆಡುತ್ತದೆ. ಈ ವಿಮರ್ಶೆಯ ಬಹುಪಾಲು ಅದರ ಬಗ್ಗೆಯೇ.

ಬಿಸಿಯಲ್ಲಿ ಏನಾಗುತ್ತದೆ ಎಂದರೆ, ವ್ಹೇಯಲ್ಲಿ ಅರ್ಧದಷ್ಟಿರುವ ಬೀಟಾ-ಲ್ಯಾಕ್ಟೋಗ್ಲೋಬ್ಯುಲಿನ್ ಎಂಬ ಪ್ರೋಟೀನ್ ಸುಮಾರು 70 ಡಿಗ್ರಿ ದಾಟಿದ ಮೇಲೆ ಸುರುಳಿ ಬಿಚ್ಚಿಕೊಂಡು ಒಂದಕ್ಕೊಂದು ಅಂಟಿಕೊಳ್ಳಲು ಶುರುವಾಗುತ್ತದೆ. ಆಕಾರ ಬದಲಾಗುತ್ತದೆಯೇ ಹೊರತು ಅಮೈನೋ ಆಮ್ಲಗಳ ಸರಪಳಿ ತುಂಡಾಗುವುದಿಲ್ಲ. ಬೆಂದ ಮೊಟ್ಟೆಯ ಬಿಳಿಭಾಗ ಗಟ್ಟಿಯಾಗುವುದೂ ಇದೇ ಕಾರಣಕ್ಕೆ. ಬೇಯಿಸಿದ ಮೊಟ್ಟೆಯಲ್ಲಿ ಪ್ರೋಟೀನ್ ಇಲ್ಲವೆಂದು ಯಾರೂ ವಾದಿಸುವುದಿಲ್ಲ. ಅಷ್ಟೇ ಅಲ್ಲ, ಈ ಬೀಟಾ-ಲ್ಯಾಕ್ಟೋಗ್ಲೋಬ್ಯುಲಿನ್ ಹಸಿಯಾಗಿದ್ದಾಗ ಜಠರದ ಪೆಪ್ಸಿನ್ ಎಂಬ ಜೀರ್ಣಕಿಣ್ವಕ್ಕೆ ಸುಲಭವಾಗಿ ಜಗ್ಗುವುದಿಲ್ಲ. ಬಿಸಿಯಾದ ಮೇಲೆ ಬೇಗ ಒಡೆಯುತ್ತದೆ. ಇನ್ನೊಂದು ಮಾತು: ಪುಡಿ ನಿಮ್ಮ ಅಡುಗೆಮನೆಗೆ ಬರುವ ಮೊದಲೇ ಎರಡು ಸಲ ಬಿಸಿ ಕಂಡಿರುತ್ತದೆ. ಹಾಲು ಪಾಶ್ಚರೀಕರಣವಾಗುವಾಗ ಒಮ್ಮೆ, ಬಿಸಿಗಾಳಿಯಲ್ಲಿ ಸಿಂಪಡಿಸಿ ಒಣಗಿಸುವಾಗ ಇನ್ನೊಮ್ಮೆ.

ಈಗ ಕಾಫಿ. ಕುದಿಯುವ ಹಾಲಿನ ಲೋಟಕ್ಕೆ ನೇರವಾಗಿ ಒಂದು ಸ್ಕೂಪ್ ಸುರಿದು ಚಮಚದಲ್ಲಿ ಕಲಕುವುದು ಎಲ್ಲರೂ ಮೊದಲು ಮಾಡುವ ಕೆಲಸ. ಮೇಲೆ ಗಂಟುಗಳು ತೇಲುತ್ತವೆ. ಒಂದು ಗಂಟನ್ನು ಎತ್ತಿ ಬೆರಳಿನಿಂದ ಒಡೆದು ನೋಡಿ: ಹೊರಗೆ ರಬ್ಬರಿನಂಥ ಸಿಪ್ಪೆ, ಒಳಗೆ ಇನ್ನೂ ಒಣ ಪುಡಿ. ಹೊರಪದರ ಬಿಸಿ ತಾಗಿದ ಕೂಡಲೇ ಗಟ್ಟಿಯಾಗಿ ನೀರು ಒಳಗೆ ಹೋಗದಂತೆ ತಡೆದಿದೆ. ಇನ್ನು ಎಷ್ಟು ಕಲಕಿದರೂ ಅದು ಕರಗುವುದಿಲ್ಲ. ಒಣ ಪುಡಿಯಿಲ್ಲದ ಸಣ್ಣ ಸಣ್ಣ ಚರಟ ಲೋಟದ ತಳದಲ್ಲಿ ಕೂತಿದ್ದರೆ ಅದು ಬೇರೆ ತೊಂದರೆ, ಪುಡಿ ಕರಗಿದ ಮೇಲೆ ಒಡೆದಿರುವುದು. ಮೊದಲನೆಯದು ಕಲಸಿದ ರೀತಿಯ ತಪ್ಪು, ಎರಡನೆಯದು ಶಾಖ ಮತ್ತು ಹುಳಿಯ ತಪ್ಪು.

ಎರಡಕ್ಕೂ ಪರಿಹಾರ ಒಂದೇ, ಪುಡಿಯನ್ನು ಮೊದಲು ತಣ್ಣಗಿನ ಹಾಲಿನಲ್ಲಿ ಕರಗಿಸಿಕೊಳ್ಳುವುದು. ದೊಡ್ಡ ಲೋಟಕ್ಕೆ 60 ಮಿಲಿ ತಣ್ಣಗಿನ ಹಾಲು ಮೊದಲು ಹಾಕಿ, ಅದರ ಮೇಲೆ 30 ಗ್ರಾಂ ಪುಡಿ ಉದುರಿಸಿ ಕಡೆಯಿರಿ. ಪುಡಿ ಕೆಳಗಿದ್ದು ಹಾಲು ಮೇಲೆ ಬಿದ್ದರೆ ತಳದಲ್ಲಿ ಅಂಟು ಕೂರುತ್ತದೆ. ಎರಡು ನಿಮಿಷ ಬಿಟ್ಟರೆ ನೊರೆ ಇಳಿದು ಪುಡಿ ನೀರು ಹೀರಿಕೊಳ್ಳುತ್ತದೆ. ಬೇರೆ ಪಾತ್ರೆಯಲ್ಲಿ 90 ಮಿಲಿ ಬಿಸಿ ಹಾಲಿಗೆ 30 ಮಿಲಿ ಡಿಕಾಕ್ಷನ್ ಸೇರಿಸಿ, ಅದನ್ನು ಲೋಟದ ಮಿಶ್ರಣಕ್ಕೆ ಸಣ್ಣ ಧಾರೆಯಾಗಿ ಹೊಯ್ಯುತ್ತಾ ಕಲಕಿ. ಹೊಯ್ಯುವ ದಿಕ್ಕು ಮುಖ್ಯ. ಬಿಸಿಯದು ತಣ್ಣಗಿನದಕ್ಕೆ ಬಂದರೆ ಶಾಖ ನಿಧಾನವಾಗಿ ಏರುತ್ತದೆ. ತಣ್ಣಗಿನದನ್ನು ಬಿಸಿಗೆ ಸುರಿದರೆ ಮೊದಲು ಬಿದ್ದ ತೊಟ್ಟು 90 ಡಿಗ್ರಿಯಲ್ಲೇ ಬೇಯುತ್ತದೆ.

ಲೆಕ್ಕ ಹಾಕಿ ನೋಡಬಹುದು. 120 ಮಿಲಿ ಕಾಫಿ 90 ಡಿಗ್ರಿಯಲ್ಲಿದ್ದು, 60 ಮಿಲಿ ಹಾಲು ಹೊರಗಿನ 25 ಡಿಗ್ರಿಯಲ್ಲಿದ್ದರೆ ಎರಡೂ ಕೂಡಿ ಸುಮಾರು 68 ಡಿಗ್ರಿಗೆ ನಿಲ್ಲುತ್ತದೆ. ಹಾಲು ಫ್ರಿಜ್‌ನಿಂದ ತೆಗೆದದ್ದಾದರೆ 62ರ ಹತ್ತಿರ. ಎರಡೂ 70ರ ಗಡಿಯ ಒಳಗೇ ಇವೆ, ಕುಡಿಯಲು ಸಾಕಷ್ಟು ಬಿಸಿಯೂ ಹೌದು. ಸ್ಟೀಲ್ ಲೋಟ ಇನ್ನಷ್ಟು ಶಾಖ ಹೀರುತ್ತದೆ. 'ಹಬೆಯಾಡುವ ಕಾಫಿಯೇ ಬೇಕು' ಎನ್ನುವವರಿಗೆ ಇದು ಹಿಡಿಸದು. ಹಾಗೆ ಮಾಡಿದ ಕಾಫಿಯನ್ನು ಮತ್ತೆ ಒಲೆಯ ಮೇಲಿಡಬೇಡಿ, ಮೈಕ್ರೋವೇವ್‌ಗಂತೂ ಬೇಡವೇ ಬೇಡ. ಅಂಚಿನಲ್ಲಿ ಮೊದಲು ಬೆಂದು ಮೊಸರಿನ ಗಟ್ಟಿಯಂತೆ ಕೂರುತ್ತದೆ.

ಹಾಲಿಲ್ಲದ ಕಪ್ಪು ಕಾಫಿಗೆ ಈ ಪುಡಿ ಒಗ್ಗುವುದಿಲ್ಲ. ಕಪ್ಪು ಕಾಫಿಯ ಪಿಎಚ್ ಸುಮಾರು 5. ಬೀಟಾ-ಲ್ಯಾಕ್ಟೋಗ್ಲೋಬ್ಯುಲಿನ್‌ನ ಕಣಗಳು ಪರಸ್ಪರ ದೂಡುವ ಶಕ್ತಿ ಕಳೆದುಕೊಂಡು ಅಂಟಿಕೊಳ್ಳುವ ಬಿಂದುವೂ 5.2ರ ಆಸುಪಾಸಿನಲ್ಲೇ ಇದೆ. ಶಾಖ, ಹುಳಿ ಎರಡೂ ಒಟ್ಟಿಗೆ ಬಿದ್ದಾಗ ಒಡೆಯದೆ ಇನ್ನೇನಾದೀತು? ಹಾಲು ಬೆರೆತರೆ ಪಿಎಚ್ ಮೇಲೇರಿ ಹುಳಿ ತಗ್ಗುತ್ತದೆ, ಹಾಲಿನ ಇನ್ನೊಂದು ಪ್ರೋಟೀನ್ ಆದ ಕೇಸಿನ್ ಕೂಡ ವ್ಹೇ ಕಣಗಳು ಗಡ್ಡೆಕಟ್ಟದಂತೆ ಸ್ವಲ್ಪ ಕಾಯುತ್ತದೆ. ನಮ್ಮ ಫಿಲ್ಟರ್ ಕಾಫಿಗೆ ಇರುವ ಅನುಕೂಲ ಅದು. ಒಡೆದರೂ ಚೆಲ್ಲಬೇಡಿ, ತಳದ ಚರಟದಲ್ಲೇ ಪ್ರೋಟೀನ್ ಇರುವುದು. ಸೋಸಿ ಎಸೆದರೆ ಮಾತ್ರ ನಿಜವಾದ ನಷ್ಟ.

ಕಾಫಿಯಿಂದ ಸ್ವಲ್ಪ 'ಕಾಯಿಸಿದ ಹಾಲಿನ' ವಾಸನೆ ಬಂದರೆ ಗಾಬರಿ ಬೇಡ. ಹಾಲು ಕಾಯಿಸುವಾಗ ಬರುವುದೂ ಇದೇ: ಸುರುಳಿ ಬಿಚ್ಚಿಕೊಂಡ ಪ್ರೋಟೀನ್‌ನಿಂದ ಹೊರಬೀಳುವ ಗಂಧಕದ ಅಂಶ. ಅದು 70 ದಾಟಿದ್ದೀರಿ ಎಂಬ ಸೂಚನೆ, ಪುಡಿ ಹಾಳಾಗಿದೆ ಎಂಬುದಲ್ಲ. ಇನ್ನು ಬಿಸಿ ಕಾಫಿಯನ್ನು ಮುಚ್ಚಳದ ಶೇಕರ್‌ಗೆ ಹಾಕಿ ಅಲುಗಾಡಿಸುವವರಿದ್ದಾರೆ. ಒಳಗಿನ ಗಾಳಿ, ಹಬೆ ಹಿಗ್ಗಿ ಮುಚ್ಚಳ ಹಾರುತ್ತದೆ, ಮುಖ ಕೈ ಸುಡುತ್ತದೆ. ಇದನ್ನು ಮಾಡಲೇಬೇಡಿ.

ಪ್ಯಾನ್‌ಕೇಕ್‌ನಲ್ಲಿ ಕಥೆ ಬೇರೆ. ಇಲ್ಲಿ 70ರ ಗಡಿ ಕಾಯುವ ಮಾತೇ ಇಲ್ಲ, ಬೇಯಲೇಬೇಕು. ಒಬ್ಬರಿಗೆ ಮೂರು ಸಣ್ಣ ಪ್ಯಾನ್‌ಕೇಕ್ ಆಗುವ ಅಳತೆ: ಪುಡಿ 30 ಗ್ರಾಂ, ಓಟ್ಸ್ ಹಿಟ್ಟು 50 ಗ್ರಾಂ, ಒಂದು ಮೊಟ್ಟೆ, ಕಿವುಚಿದ ಅರ್ಧ ಬಾಳೆಹಣ್ಣು, ಹಾಲು 80 ಮಿಲಿ, ಬೇಕಿಂಗ್ ಪೌಡರ್ ಮುಕ್ಕಾಲು ಟೀ ಚಮಚ, ಚಿಟಿಕೆ ಉಪ್ಪು. ಪುಡಿಯಿಂದ 23, ಮೊಟ್ಟೆ ಮತ್ತು ಓಟ್ಸ್‌ನಿಂದ ಸುಮಾರು ಆರಾರು, ಹಾಲಿನಿಂದ ಎರಡೂವರೆ, ಒಟ್ಟು 37 ಗ್ರಾಂ ಪ್ರೋಟೀನಿನ ಸುತ್ತಮುತ್ತ.

ಈ ಅಳತೆಯಲ್ಲಿ ಪುಡಿ ಒಣ ಪದಾರ್ಥದ ಮೂರನೇ ಒಂದು ಭಾಗಕ್ಕೆ ಸ್ವಲ್ಪ ಮೇಲಿದೆ. ಇದಕ್ಕಿಂತ ಹೆಚ್ಚು ಹಾಕಿದರೆ ಹಲ್ಲಿಗೆ ಕಿರ್ ಎನ್ನುವ ರಬ್ಬರ್ ಸಿಗುತ್ತದೆ. ಜನ ಇಲ್ಲಿ ಎಡವಲು ಒಂದು ಕಾರಣವಿದೆ. ತಣ್ಣಗಿರುವಾಗ ವ್ಹೇ ಗೋಧಿ ಹಿಟ್ಟಿನಷ್ಟು ನೀರು ಹಿಡಿಯುವುದಿಲ್ಲ, ಆದ್ದರಿಂದ ಹಿಟ್ಟು ನೀರಾಗಿ ಕಾಣುತ್ತದೆ. ತೆಳ್ಳಗಾಯಿತೆಂದು ಇನ್ನೊಂದು ಸ್ಕೂಪ್ ಪುಡಿ ಸೇರಿಸಿದರೆ, ಕಾವಲಿಯ ಮೇಲೆ ಅದೆಲ್ಲ ಒಮ್ಮೆಲೇ ಗಟ್ಟಿಯಾಗಿ ಒಳಗಿನ ನೀರನ್ನು ಹಿಂಡಿ ಹೊರಹಾಕುತ್ತದೆ. ಸೇರಿಸುವುದೇ ಆದರೆ ಒಂದು ಚಮಚ ಓಟ್ಸ್ ಹಿಟ್ಟು ಸೇರಿಸಿ, ಇಲ್ಲವೇ ಐದು ನಿಮಿಷ ಸುಮ್ಮನೆ ಬಿಡಿ. ಓಟ್ಸ್ ನೀರು ಕುಡಿದು ತಾನೇ ಹದಕ್ಕೆ ಬರುತ್ತದೆ.

ಉರಿ ದೋಸೆಯ ಉರಿಗಿಂತ ಮಂದವಾಗಿರಬೇಕು. ಕಾವಲಿಗೆ ಒಂದು ಹನಿ ನೀರು ಹಾಕಿ: ಚುಯ್ ಎಂದು ಎರಡು ಮೂರು ಸೆಕೆಂಡಿನಲ್ಲಿ ಆರಿದರೆ ಸರಿ, ಮುತ್ತಿನಂತೆ ಉರುಳಾಡಿದರೆ ಕಾವು ಮಿತಿಮೀರಿದೆ. ಹಿಟ್ಟು ಹೊಯ್ದು ಮುಚ್ಚಳ ಮುಚ್ಚಿ, ಅಂಚಿನ ಹೊಳಪು ಹೋಗಿ ಗುಳ್ಳೆ ಬಂದಾಗ ತಿರುವಿ. ಒಂದು ಕಡೆ ಎರಡು ನಿಮಿಷ, ಇನ್ನೊಂದು ಕಡೆ ಒಂದು ಸಾಕು. ಹೊರಗೆ ಕಂದು, ಒಳಗೆ ಹಸಿ ಎಂಬ ದೂರು ಈ ಪುಡಿಯ ಮೇಲೆ ಯಾವಾಗಲೂ ಇರುವುದೇ. ಪುಡಿಯಲ್ಲಿ ಉಳಿದಿರುವ ಹಾಲಿನ ಸಕ್ಕರೆ ಪ್ರೋಟೀನ್‌ನೊಂದಿಗೆ ಸೇರಿ ಬೇಗ ಕಂದಾಗುವುದರಿಂದ ಹಾಗೆ.

ಪೌಷ್ಟಿಕತೆ ನಿಜವಾಗಿ ಸ್ವಲ್ಪ ಹೋಗುವುದು ಈ ಕಂದು ಪದರದಲ್ಲೇ. ಅಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಸಕ್ಕರೆಗೆ ಅಂಟಿಕೊಂಡು ದೇಹಕ್ಕೆ ಸಿಗದಂತಾಗುತ್ತದೆ. ಸಾರಜನಕ ಅಳೆದು ಪ್ರೋಟೀನ್ ಲೆಕ್ಕ ಹಾಕುವ ಪರೀಕ್ಷೆಯಲ್ಲಿ ಇದು ಕಾಣಿಸುವುದೇ ಇಲ್ಲ, ಅಂಕಿ ಇದ್ದಷ್ಟೇ ಇರುತ್ತದೆ. ಆದರೆ ಇದಕ್ಕೆ ಹೆದರಬೇಕೇ? ಪ್ಯಾನ್‌ಕೇಕ್‌ನ ಒಳಭಾಗ ನೀರಿರುವವರೆಗೂ 100 ಡಿಗ್ರಿ ದಾಟುವುದಿಲ್ಲ, ಕಂದಾಗುವುದು ಚರ್ಮದಷ್ಟು ಪದರ ಮಾತ್ರ. ವ್ಹೇಯಲ್ಲಿ 100 ಗ್ರಾಂ ಪ್ರೋಟೀನಿಗೆ ಸುಮಾರು 9 ಗ್ರಾಂ ಲೈಸಿನ್ ಇದೆ. ವಿಶ್ವ ಆರೋಗ್ಯ ಸಂಸ್ಥೆಯ 2007ರ ವರದಿ ಅಷ್ಟೇ ಪ್ರೋಟೀನಿನಲ್ಲಿ ವಯಸ್ಕರಿಗೆ ಸಾಕೆನ್ನುವುದು 4.5 ಗ್ರಾಂ. ಒಂದು ಮಾತಿಗೆ ಐದನೇ ಒಂದು ಭಾಗ ಹೋಯಿತೆಂದೇ ಇಟ್ಟುಕೊಂಡರೂ ಏಳಕ್ಕಿಂತ ಹೆಚ್ಚು ಉಳಿಯುತ್ತದೆ. ಒಳಗೆ ತೇವವೇ ಇಲ್ಲದಂತೆ ಗರಿಗರಿಯಾಗಿ ಬೇಯಿಸುವ ತೆಳು ಬಿಸ್ಕತ್ತಿನಲ್ಲಿ ನಷ್ಟ ಇದಕ್ಕಿಂತ ಹೆಚ್ಚು, ಅಲ್ಲಿ ಇಡೀ ಬಿಸ್ಕತ್ತೇ ಕಂದು ಪದರ.

ಬಿಸಿಗೆ ಪೂರ್ತಿ ಸೋಲುವುದು ಪ್ರೋಟೀನ್ ಅಲ್ಲ, ಅದರ ಜೊತೆಗೆ ಮಾರುವ ಬೇರೆ ಸಂಗತಿಗಳು. ಜೀರ್ಣಕ್ಕೆಂದು ಸೇರಿಸಿದ ಕಿಣ್ವಗಳು, ಲ್ಯಾಕ್ಟೋಬ್ಯಾಸಿಲಸ್‌ನಂಥ ಜೀವಂತ ಬ್ಯಾಕ್ಟೀರಿಯಾ, ಇಮ್ಯುನೋಗ್ಲೋಬ್ಯುಲಿನ್‌ಗಳ ರೋಗನಿರೋಧಕ ಗುಣ, ಇವು ಕಾವಲಿಯ ಮೇಲೆ ಉಳಿಯುವುದಿಲ್ಲ. ಇವುಗಳ ಹೆಸರಲ್ಲಿ ಹೆಚ್ಚು ಬೆಲೆ ಕೊಟ್ಟು ಕೊಂಡಿದ್ದರೆ ತಣ್ಣಗೇ ಕುಡಿಯಿರಿ. ಆಸ್ಪರ್ಟೇಮ್ ಇರುವ ಪುಡಿ ಬಿಸಿಯಲ್ಲಿ ಸಿಹಿ ಕಳೆದುಕೊಳ್ಳುತ್ತದೆ. ಸುಕ್ರಲೋಸ್ ಕಾಫಿಯಲ್ಲಿ ನಿಲ್ಲುತ್ತದೆ, ಆದರೆ 120 ಡಿಗ್ರಿ ಮೀರಿದರೆ ಬೇಡದ ಕ್ಲೋರಿನ್ ಸಂಯುಕ್ತಗಳು ಹುಟ್ಟಬಹುದೆಂದು ಜರ್ಮನಿಯ ಆಹಾರ ಅಪಾಯ ಸಂಸ್ಥೆ 2019ರಲ್ಲಿ ಎಚ್ಚರಿಸಿತ್ತು. ಬೇಯಿಸಲು ಸಾದಾ ಪುಡಿಯೇ ವಾಸಿ ಎನ್ನುವುದಕ್ಕೆ ಇದೂ ಒಂದು ಕಾರಣ. ಇನ್ನಷ್ಟು ಸೋಸಿ ಶುದ್ಧಮಾಡಿದ ದುಬಾರಿ ವ್ಹೇ ಪುಡಿ ಐಸೊಲೇಟ್ ಪ್ಯಾನ್‌ಕೇಕ್‌ಗೆ ದಂಡ. ಹಾಲಿನ ಸಕ್ಕರೆ ಕಡಿಮೆಯಿರುವುದರಿಂದ ಸ್ವಲ್ಪ ನಿಧಾನ ಕಂದಾಗುತ್ತದೆ, ಅಷ್ಟೇ ವ್ಯತ್ಯಾಸ.

ಕಾಫಿಗಿಂತ ಹೆಚ್ಚು ಲೈಸಿನ್ ನುಂಗುವುದು ಒಲೆಯ ಪಕ್ಕದ ಶೆಲ್ಫು. ಪ್ಯಾನ್‌ಕೇಕ್‌ನ ಮೇಲ್ಪದರದಲ್ಲಿ ನಿಮಿಷಗಳಲ್ಲಿ ನಡೆಯುವ ಅದೇ ಕ್ರಿಯೆ ತೇವ ಹಿಡಿದ ಪುಡಿಯಲ್ಲಿ ತಿಂಗಳುಗಟ್ಟಲೆ ಸದ್ದಿಲ್ಲದೆ ನಡೆಯುತ್ತದೆ, ಅದೂ ಇಡೀ ಡಬ್ಬದಲ್ಲಿ. ಕೆನೆಬಿಳಿ ಬಣ್ಣ ಹಳದಿಗೆ ತಿರುಗಿದ್ದರೆ, ಪುಡಿ ಹೆಂಟೆಯಾಗಿದ್ದರೆ, ಹಳೆಯ ಹಾಲಿನ ಪುಡಿಯ ಮುಗ್ಗಲು ವಾಸನೆ ಬರುತ್ತಿದ್ದರೆ ಅದು ಶುರುವಾಗಿದೆ ಎಂದರ್ಥ. ಮಂಗಳೂರು, ಉಡುಪಿ ಕಡೆಯ ಮಳೆಗಾಲದಲ್ಲಿ ಎರಡು ಕಿಲೋ ಡಬ್ಬ ತೆರೆದಿಟ್ಟು ಬಳಸುವುದಕ್ಕಿಂತ ಅರ್ಧ ಕಿಲೋ ತರುವುದು ಲೇಸು. ದೊಡ್ಡದೇ ತಂದಿದ್ದರೆ ವಾರಕ್ಕೆ ಬೇಕಾದಷ್ಟನ್ನು ಸಣ್ಣ ಡಬ್ಬಕ್ಕೆ ತೆಗೆದುಕೊಂಡು ಉಳಿದದ್ದನ್ನು ಬಿಗಿಯಾಗಿ ಮುಚ್ಚಿ ಒಲೆಯಿಂದ ದೂರ ಇಡಿ. ಸ್ಕೂಪನ್ನು ಹಬೆಯಾಡುವ ಲೋಟದ ಮೇಲೆ ಹಿಡಿದು ಮತ್ತೆ ಡಬ್ಬದೊಳಗೆ ಹಾಕಬೇಡಿ. ತೇವ ಒಳಗೆ ಹೋಗುವ ದಾರಿ ಹೆಚ್ಚಾಗಿ ಅದೇ.