ಲೇಬಲ್ ಸ್ಮೂದಿಂಗ್ ಮತ್ತು ಮಿಕ್ಸಪ್: ಬಹಳ ದಿನ ಬಳಸಿದ ಮೇಲೆ ನನ್ನ ಅಭಿಪ್ರಾಯ

ನನ್ನ ಕೆಲಸ ಅಡಿಕೆ ಫೋಟೊಗಳ ಮೇಲೆ. ಒಂದು ಫೋಟೊದಲ್ಲಿ ಒಂದೇ ಅಡಿಕೆ ಇರುತ್ತದೆ. ಅದು ಸರಕೋ, ಬೆಟ್ಟೆಯೋ, ರಾಶಿಯೋ, ಗೊರಬಲೋ ಅಂತ ಮಾಡೆಲ್ ಹೇಳಬೇಕು. ಕಾನ್ಫಿಡೆನ್ಸ್ 0.95 ದಾಟಿದರೆ ಅಡಿಕೆ ನೇರವಾಗಿ ಆ ಜಾತಿಯ ಟ್ರೇಗೆ ಹೋಗುತ್ತದೆ, ಇಲ್ಲದಿದ್ದರೆ ಕೈಯಲ್ಲಿ ಆರಿಸುವವರ ಮುಂದೆ ಬರುತ್ತದೆ. ಹಾಗಾಗಿ ನನಗೆ ಉತ್ತರ ಎಷ್ಟು ಮುಖ್ಯವೋ, ಆ ಉತ್ತರದ ಪಕ್ಕದಲ್ಲಿರುವ ಸಂಖ್ಯೆಯೂ ಅಷ್ಟೇ ಮುಖ್ಯ. ಲೇಬಲ್ ಸ್ಮೂದಿಂಗ್, ಮಿಕ್ಸಪ್ ಎರಡನ್ನೂ ಬಹಳ ಕಾಲದಿಂದ ಬಳಸುತ್ತಿದ್ದೇನೆ. ಅಕ್ಯುರಸಿ ಎಷ್ಟು ಏರಿತು ಅಂತ ಎಲ್ಲರೂ ಬರೆಯುತ್ತಾರೆ. ನಾನು ಬರೆಯುವುದು ಆ ಕಾನ್ಫಿಡೆನ್ಸ್ ಸಂಖ್ಯೆಯ ಬಗ್ಗೆ.

ಎರಡೂ ಇಲ್ಲದೆ ಟ್ರೈನ್ ಮಾಡಿದ ಮಾಡೆಲ್ ತಪ್ಪು ಹೇಳುವಾಗಲೂ 0.99 ಅನ್ನುತ್ತದೆ. ಕಾರಣ ಸರಳ. ಲೇಬಲ್ ‘ರಾಶಿ 1, ಉಳಿದವು 0’ ಅಂತಿದ್ದರೆ ಸಾಫ್ಟ್‌ಮ್ಯಾಕ್ಸ್ ಆ 1ನ್ನು ಯಾವತ್ತೂ ಮುಟ್ಟುವುದಿಲ್ಲ. ಆದ್ದರಿಂದ ಟ್ರೈನಿಂಗ್ ಎಷ್ಟು ಹೊತ್ತು ನಡೆದರೂ ಸರಿಯಾದ ಕ್ಲಾಸಿನ ಲಾಜಿಟ್ ಮೇಲೆ, ಉಳಿದವು ಕೆಳಗೆ ಹೋಗುತ್ತಲೇ ಇರುತ್ತವೆ. ಮಬ್ಬಾದ ಫೋಟೊ ಬಂದರೂ ಅದೇ ದೊಡ್ಡ ಲಾಜಿಟ್‌ಗಳ ಅಭ್ಯಾಸ.

ಲೇಬಲ್ ಸ್ಮೂದಿಂಗ್ ಈ ಓಟಕ್ಕೆ ಒಂದು ಗುರಿ ಕೊಡುತ್ತದೆ: ಲೇಬಲ್‌ನ 1ರಿಂದ ಎಪ್ಸಿಲಾನ್ ಅನ್ನುವ ಚಿಕ್ಕ ಪಾಲು ತೆಗೆದು ಎಲ್ಲ ಕ್ಲಾಸಿಗೂ ಸಮವಾಗಿ ಹಂಚುತ್ತದೆ. ಇದು 2015ರ ಕೊನೆಯಲ್ಲಿ ಸೆಗೆಡಿ ಮತ್ತು ಸಂಗಡಿಗರ ಇನ್ಸೆಪ್ಷನ್ ಪೇಪರಿನಲ್ಲಿ ಬಂತು, ಅಲ್ಲಿ ಎಪ್ಸಿಲಾನ್ 0.1. ಈಗ ಪೈಟಾರ್ಚ್‌ನಲ್ಲಿ ಒಂದೇ ಸಾಲು:

```python
loss_fn = nn.CrossEntropyLoss(label_smoothing=0.1)
```

ನನ್ನ ನಾಲ್ಕು ಕ್ಲಾಸಿಗೆ ಲೆಕ್ಕ ಹಾಕಿ ನೋಡಿ. 0.1ನ್ನು ನಾಲ್ಕಕ್ಕೂ ಸಮವಾಗಿ ಹಂಚಿದರೆ ಒಂದೊಂದಕ್ಕೆ 0.025. ಸರಿಯಾದ ಕ್ಲಾಸಿನ ಗುರಿ 0.925, ಉಳಿದ ಮೂರಕ್ಕೆ ತಲಾ 0.025. ಅಂದರೆ ಲಾಜಿಟ್‌ಗಳ ನಡುವಿನ ಅಂತರ ln 37, ಸುಮಾರು 3.6 ಆದರೆ ಸಾಕು, ಅದಕ್ಕಿಂತ ಜಾಸ್ತಿ ಆದರೆ ಲಾಸ್ ಮತ್ತೆ ಏರುತ್ತದೆ. ಟ್ರೈನಿಂಗ್ ಲಾಸ್ ಕೂಡ 0.349ಕ್ಕಿಂತ ಕೆಳಗೆ ಇಳಿಯುವುದಿಲ್ಲ. ಹೊಸಬರು ಲಾಸ್ 0.36ರಲ್ಲಿ ನಿಂತಿದ್ದು ನೋಡಿ ಮಾಡೆಲ್ ಕಲಿಯುತ್ತಿಲ್ಲ ಅಂತ ಗಾಬರಿಯಾಗುತ್ತಾರೆ. ಆದರೆ ಅದು ಬಹುತೇಕ ತಳಕ್ಕೆ ಬಂದಿರುತ್ತದೆ.

ಈಗ ಆ 0.95ಕ್ಕೆ ಬನ್ನಿ. ಮಾಡೆಲ್ ಕಲಿತಿರುವ ಗುರಿಯೇ 0.925. ಕೆಲವು ಫೋಟೊಗಳು ಅದನ್ನು ದಾಟಬಹುದು, ಆದರೆ ಹೆಚ್ಚಿನವು ದಾಟುವುದಿಲ್ಲ. ಹಳೆಯ ಥ್ರೆಶೋಲ್ಡ್ ಹಾಗೇ ಇಟ್ಟರೆ ಚೆನ್ನಾಗಿ ಗುರುತಿಸಿದ ಅಡಿಕೆಯೂ ಆರಿಸುವವರ ಮುಂದೆ ಬಂದು ಬೀಳುತ್ತದೆ. ಮಾಡೆಲ್ ಹಾಳಾಗಿಲ್ಲ, ಅಳತೆ ಬದಲಾಗಿದೆ ಅಷ್ಟೇ. ನೂರು, ಸಾವಿರ ಕ್ಲಾಸ್ ಇದ್ದರೂ ಗುರಿ 0.9ರ ಹತ್ತಿರವೇ ಇರುತ್ತದೆ, ಹಾಗಾಗಿ ಈ ತೊಂದರೆ ನನ್ನಂಥ ಚಿಕ್ಕ ಕೆಲಸಕ್ಕೆ ಮಾತ್ರ ಅಲ್ಲ.

ಇದನ್ನು ಪತ್ತೆ ಮಾಡುವುದು ಸುಲಭ. ವ್ಯಾಲಿಡೇಶನ್ ಫೋಟೊಗಳನ್ನು ಕಾನ್ಫಿಡೆನ್ಸ್ ಪ್ರಕಾರ ಗುಂಪು ಮಾಡಿ. 0.8ರಿಂದ 0.9ರ ಗುಂಪಿನಲ್ಲಿ ನೂರಕ್ಕೆ 97 ಸರಿಯಿದ್ದರೆ ಮಾಡೆಲ್ ತನಗೆ ಗೊತ್ತಿರುವುದಕ್ಕಿಂತ ಕಡಿಮೆ ಹೇಳುತ್ತಿದೆ. 75 ಮಾತ್ರ ಸರಿಯಿದ್ದರೆ ಜಾಸ್ತಿ ಹೇಳುತ್ತಿದೆ. ಆಮೇಲೆ ಟೆಂಪರೇಚರ್ ಸ್ಕೇಲಿಂಗ್ ಮಾಡಿ: ಲಾಜಿಟ್‌ಗಳನ್ನೆಲ್ಲ ಒಂದೇ ಸಂಖ್ಯೆಯಿಂದ ಭಾಗಿಸುವುದು, ಆ ಸಂಖ್ಯೆಯನ್ನು ವ್ಯಾಲಿಡೇಶನ್ ಲಾಸ್ ನೋಡಿ ಆರಿಸುವುದು. ಆ ಲಾಸ್ ಮಾತ್ರ ಸ್ಮೂದಿಂಗ್ ಇಲ್ಲದ್ದಾಗಿರಬೇಕು. ಸಾಮಾನ್ಯ ಮಾಡೆಲ್‌ಗೆ ಅದು 1ಕ್ಕಿಂತ ದೊಡ್ಡದು ಬರುತ್ತದೆ, ಸ್ಮೂದಿಂಗ್ ಮಾಡಿದ್ದಕ್ಕೆ 1ಕ್ಕಿಂತ ಚಿಕ್ಕದು ಬಂದರೆ ಆಶ್ಚರ್ಯಪಡಬೇಡಿ. 3.6ರ ಅಂತರವನ್ನು 0.7ರಿಂದ ಭಾಗಿಸಿದರೆ ಅದೇ 0.925 ಸುಮಾರು 0.98 ಆಗುತ್ತದೆ. ಥ್ರೆಶೋಲ್ಡ್ ಇಡುವುದು ಇದಾದ ಮೇಲೆ.

ಆದರೆ ಟೆಂಪರೇಚರ್ ಸರಿ ಮಾಡಲಾಗದ ಒಂದು ವಿಷಯ ಇದೆ, ನನಗೆ ಸ್ಮೂದಿಂಗ್ ಬಗ್ಗೆ ಇರುವ ನಿಜವಾದ ತಕರಾರು ಅದೇ. ಸರಿ ಉತ್ತರ, ತಪ್ಪು ಉತ್ತರ ಎರಡರ ಕಾನ್ಫಿಡೆನ್ಸೂ ಹತ್ತಿರ ಹತ್ತಿರ ಬಂದುಬಿಡುತ್ತದೆ. ಒಟ್ಟಾರೆ ಸರಾಸರಿ ಸರಿಹೋಯಿತು ಅನ್ನಿಸಿದರೂ, ಯಾವುದನ್ನು ಮನುಷ್ಯರಿಗೆ ತೋರಿಸಬೇಕು ಅಂತ ಬೇರ್ಪಡಿಸುವುದು ಕಷ್ಟವಾಗುತ್ತದೆ. ಫೋಟೊಗಳನ್ನು ಕಾನ್ಫಿಡೆನ್ಸ್ ಇಳಿಕೆ ಕ್ರಮದಲ್ಲಿ ಜೋಡಿಸಿ, ಮೇಲಿನ ಅರ್ಧದಲ್ಲಿ ಎಷ್ಟು ತಪ್ಪು ಇವೆ ಅಂತ ಸ್ಮೂದಿಂಗ್ ಇರುವ, ಇಲ್ಲದ ಎರಡೂ ಮಾಡೆಲ್‌ನಲ್ಲಿ ಎಣಿಸಿ. ಅಕ್ಯುರಸಿ ಒಂದೇ ಇದ್ದರೂ ಇಲ್ಲಿ ವ್ಯತ್ಯಾಸ ಕಾಣಬಹುದು. ಇನ್ನೊಂದು, ಸ್ಮೂದಿಂಗ್ ಎಲ್ಲ ತಪ್ಪನ್ನೂ ಒಂದೇ ತೂಕದಲ್ಲಿ ನೋಡುತ್ತದೆ. ಬೆಟ್ಟೆಯನ್ನು ರಾಶಿ ಅಂದರೂ 0.025, ಸರಕನ್ನು ಗೊರಬಲು ಅಂದರೂ 0.025. ಮಾರುಕಟ್ಟೆಯಲ್ಲಿ ಸರಕಿನ ರೇಟೆಲ್ಲಿ, ಗೊರಬಲಿನ ರೇಟೆಲ್ಲಿ! ಯಾವುದು ಯಾವುದಕ್ಕೆ ಹತ್ತಿರ ಎಂಬ ಮಾಹಿತಿ ಹೀಗೆ ಅಳಿಸಿಹೋಗುತ್ತದೆ. 2019ರಲ್ಲಿ ಮ್ಯುಲರ್, ಕಾರ್ನ್‌ಬ್ಲಿತ್, ಹಿಂಟನ್ ಇದನ್ನು ತೋರಿಸಿದ್ದರು: ಸ್ಮೂದಿಂಗ್‌ನಿಂದ ಕಲಿತ ದೊಡ್ಡ ಮಾಡೆಲ್ ತಾನು ಚೆನ್ನಾಗಿದ್ದರೂ, ಅದರಿಂದ ಕಲಿಯುವ ಚಿಕ್ಕ ಮಾಡೆಲ್ ಸೊರಗುತ್ತದೆ. ಫೋನಿಗೆ ಚಿಕ್ಕ ಮಾಡೆಲ್ ಮಾಡಿಕೊಳ್ಳುವ ಯೋಚನೆ ಇದ್ದರೆ ದೊಡ್ಡದಕ್ಕೆ ಸ್ಮೂದಿಂಗ್ ಹಾಕಬೇಡಿ.

ಮಿಕ್ಸಪ್ ಬೇರೆ ರೀತಿ. 2017ರಲ್ಲಿ ಜಾಂಗ್ ಮತ್ತು ಜೊತೆಗಾರರು ತಂದದ್ದು. ಎರಡು ಫೋಟೊಗಳನ್ನು ಒಂದು ಅನುಪಾತದಲ್ಲಿ ಬೆರೆಸುವುದು, ಲೇಬಲ್‌ಗಳನ್ನೂ ಅದೇ ಅನುಪಾತದಲ್ಲಿ ಬೆರೆಸುವುದು.

```python
lam = np.random.beta(0.2, 0.2)
idx = torch.randperm(x.size(0), device=x.device)
out = model(lam * x + (1 - lam) * x[idx])
loss = lam * F.cross_entropy(out, y) + (1 - lam) * F.cross_entropy(out, y[idx])
```

ಇಲ್ಲಿ ಲೇಬಲ್ ಮೆತ್ತಗಾಗುವುದು ಸುಮ್ನೆ ಅಲ್ಲ, ಫೋಟೊದಲ್ಲಿ ನಿಜವಾಗಿ ಇನ್ನೊಂದು ಅಡಿಕೆ ಬೆರೆತಿರುವುದಕ್ಕೆ. ಕೋಡಿನಲ್ಲಿ beta ಒಳಗೆ ಕೊಟ್ಟ ಸಂಖ್ಯೆಯೇ ಆಲ್ಫಾ. ಅದು 0.2 ಇದ್ದರೆ ಹೆಚ್ಚಿನ ಸಲ ಅನುಪಾತ 0 ಅಥವಾ 1ರ ಪಕ್ಕದಲ್ಲೇ ಬರುತ್ತದೆ, ಅಂದರೆ ಬೆರಕೆ ತೆಳು. 1 ಇಟ್ಟರೆ ಎಲ್ಲ ಅನುಪಾತವೂ ಸಮನಾಗಿ ಬರುತ್ತದೆ, ಮಾಡೆಲ್ ತುಂಬ ಅಂಜುಕುಳಿಯಾಗುತ್ತದೆ. ಮೂಲ ಪೇಪರಿನಲ್ಲೂ ಇಮೇಜ್‌ನೆಟ್‌ಗೆ 0.1ರಿಂದ 0.4 ಚೆನ್ನಾಗಿ ಕೆಲಸ ಮಾಡಿತ್ತು, ಇನ್ನೂ ಜಾಸ್ತಿ ಮಾಡಿದರೆ ಮಾಡೆಲ್ ಸರಿಯಾಗಿ ಕಲಿಯಲಿಲ್ಲ.

ಮಿಕ್ಸಪ್ ಹಾಕಿದ ಮೇಲೆ ಬೆರೆತ ಫೋಟೊಗಳನ್ನು ಒಮ್ಮೆ ಸ್ಕ್ರೀನ್ ಮೇಲೆ ತೆಗೆದು ನೋಡಲೇಬೇಕು. ನಾಯಿಯನ್ನೂ ಲಾರಿಯನ್ನೂ ಬೆರೆಸಿದರೆ ಯಾರಿಗೂ ಅದು ಬೆಕ್ಕಿನ ಹಾಗೆ ಕಾಣುವುದಿಲ್ಲ. ಅಡಿಕೆ ಹಾಗಲ್ಲ. ಒಂದು ಕೆಂಪಗೆ, ಇನ್ನೊಂದು ಕಪ್ಪಗೆ ಇರುವ ಎರಡು ಅಡಿಕೆಗಳನ್ನು ಅರ್ಧರ್ಧ ಬೆರೆಸಿದರೆ ನಡುವಿನ ಬಣ್ಣದ, ಮೂರನೆಯ ಜಾತಿಯದೇ ಅನ್ನಿಸುವ ಅಡಿಕೆ ಬರುತ್ತದೆ, ಆದರೆ ಲೇಬಲ್ ಆ ಮೂರನೆಯದಕ್ಕೆ ಸೊನ್ನೆ ಅನ್ನುತ್ತದೆ. ಬಣ್ಣದ ಮೇಲೆ ಜಾತಿ ನಿಲ್ಲುವ ಕೆಲಸಗಳಿಗೆ ಆಲ್ಫಾ ಚಿಕ್ಕದಿರಲಿ ಅನ್ನುವುದು ಇದಕ್ಕೇ. ಹಾಗೇ ಟ್ರೈನಿಂಗ್ ಅಕ್ಯುರಸಿಯನ್ನು ನಂಬಬೇಡಿ. ಅದು ಬೆರೆತ ಫೋಟೊಗಳ ಲೆಕ್ಕ, ವ್ಯಾಲಿಡೇಶನ್‌ಗಿಂತ ಕೆಳಗಿರುವುದು ಮಾಮೂಲಿ.

ಎರಡನ್ನೂ ಒಟ್ಟಿಗೆ ಹಾಕಬಹುದಾ ಅಂತ ತುಂಬ ಜನ ಕೇಳುತ್ತಾರೆ. ಹಾಕಬಹುದು, ಆದರೆ ಎರಡೂ ಒಂದೇ ಕಡೆ ಎಳೆಯುತ್ತವೆ. ಕಾನ್ಫಿಡೆನ್ಸ್ ಇಳಿದ ಮೇಲೆ ಇನ್ನೂ ಇಳಿಯುತ್ತದೆ. ಅದರ ಮೇಲೆ ಹಲವು ಮಾಡೆಲ್‌ಗಳ ಉತ್ತರವನ್ನು ಸರಾಸರಿ ಮಾಡಿದರೆ ಇನ್ನಷ್ಟು. ಯಾವುದೇ ಒಂದನ್ನು ಸೇರಿಸಿದಾಗಲೂ ಟೆಂಪರೇಚರ್ ಮತ್ತೆ ಹುಡುಕಬೇಕು, ಹಳೆಯದು ನಡೆಯುವುದಿಲ್ಲ.

ಈಗ ನನ್ನ ಹತ್ತಿರ ಓಡುತ್ತಿರುವುದು ಆಲ್ಫಾ 0.2ರ ಮಿಕ್ಸಪ್ ಮಾತ್ರ, ಸ್ಮೂದಿಂಗ್ ತೆಗೆದಿದ್ದೇನೆ. ಕೈಯಿಂದ ಆರಿಸುವವರಿಗೆ ಕಳಿಸುವ ಕೆಲಸ ಇಲ್ಲದೆ ಬರೀ ಉತ್ತರ ಸಾಕು ಅನ್ನುವವರು ಸ್ಮೂದಿಂಗ್ 0.1 ಹಾಕಿಕೊಳ್ಳಿ, ಒಂದೇ ಸಾಲಿನ ಕೆಲಸ, ಖರ್ಚೂ ಇಲ್ಲ. ಕೊನೆಯ ಕೆಲವು ಎಪಾಕ್‌ಗಳಲ್ಲಿ ಮಿಕ್ಸಪ್ ನಿಲ್ಲಿಸುವ ಪದ್ಧತಿ ಇದೆಯಲ್ವಾ, ಅದನ್ನು ಮಾಡುವವರು ಒಂದು ಗಮನಿಸಿ: ಆ ಎಪಾಕ್‌ಗಳಲ್ಲಿ ಲೇಬಲ್ ಮತ್ತೆ ‘1, 0, 0, 0’ ಆಗುವುದರಿಂದ ಕಾನ್ಫಿಡೆನ್ಸ್ ಮತ್ತೆ ಮೇಲಕ್ಕೆ ಏರತೊಡಗುತ್ತದೆ. ಟೆಂಪರೇಚರ್ ಹುಡುಕಬೇಕಾದದ್ದು ಆ ಕೊನೆಯ ಚೆಕ್‌ಪಾಯಿಂಟ್ ಮೇಲೆಯೇ.