‘ಕಳೆದ 30 ದಿನ’ವೋ, ‘ಕಳೆದ ತಿಂಗಳು’ವೋ, ಕೈಯಾರೆ ಹಾಕಿದ ತಾರೀಖೋ? ಕಮಿಷನ್ ರಿಪೋರ್ಟಿನಲ್ಲಿ ಮೂರನ್ನೂ ಬಳಸಿ ನೋಡಿದ ಮೇಲೆ

ಇಳಕಲ್ಲಿನ ಒಂದು ಸೀರೆ ಹೋಲ್‌ಸೇಲ್ ಅಂಗಡಿಯ ಲೆಕ್ಕ ನೋಡಿಕೊಳ್ಳುವುದು ನನ್ನ ಕೆಲಸ. ಊರೂರಿಗೆ ಸೀರೆ ಒಯ್ದು ಮಾರಿಸಿಕೊಡುವ ಏಜೆಂಟರಿಗೆ ಪ್ರತಿ ತಿಂಗಳು ಬಿಲ್ ಮೊತ್ತದ ಮೇಲೆ ನೂರಕ್ಕೆ ಎರಡು ರೂಪಾಯಿ ಕಮಿಷನ್ ಹೋಗುತ್ತದೆ. ಅದರ ರಿಪೋರ್ಟ್ ಒಂದನೇ ತಾರೀಖು ತಾನಾಗಿಯೇ ತಯಾರಾಗಿ ಸಾವ್ಕಾರರಿಗೆ ಇಮೇಲ್ ಹೋಗುವ ಹಾಗೆ ಹೊಂದಿಸಿದ್ದೇನೆ. ಆ ರಿಪೋರ್ಟಿಗೆ ತಾರೀಖನ್ನು ಹೇಗೆ ಕೊಡಬೇಕು ಅನ್ನುವುದರಲ್ಲೇ ನನ್ನ 2025ರ ಅರ್ಧ ವರ್ಷ ಹೋಯಿತು. ಮೊದಲೇ ಹೇಳಿಬಿಡುತ್ತೇನೆ, ನನ್ನ ಆಯ್ಕೆ ‘ಕಳೆದ ತಿಂಗಳು’.

ಮೊದಲು ಇದ್ದದ್ದು ಕೈಯಾರೆ ಹಾಕುವ ತಾರೀಖು. ಡಿಸೆಂಬರ್ 1ರಿಂದ 31 ಅಂತ ಬರೆದರೆ ಅಷ್ಟೇ ಬರುತ್ತದೆ, ತಕರಾರಿಲ್ಲ. ಆದರೆ ರಿಪೋರ್ಟ್ ತಾನಾಗಿ ಹೋಗುತ್ತದೆ, ತಾರೀಖು ತಾನಾಗಿ ಬದಲಾಗುವುದಿಲ್ಲ. ಒಂದು ತಿಂಗಳು ಬದಲಿಸಲು ಮರೆತರೆ ಹಳೆಯದೇ ಮತ್ತೆ ಹೋಗುತ್ತದೆ. ಮರೆತೂ ಆಯಿತು, ಹೋಗಿಯೂ ಆಯಿತು. ಅದಕ್ಕೇ ಫೆಬ್ರುವರಿಯಿಂದ ‘ಕಳೆದ 30 ದಿನ’ಕ್ಕೆ ಬದಲಾಯಿಸಿದೆ.

ಜೂನ್ 2, ಸೋಮವಾರ. ಗುಳೇದಗುಡ್ಡದ ಕಡೆ ಓಡಾಡುವ ಹಿರಿಯ ಏಜೆಂಟ್ ಒಬ್ಬರು ಫೋನ್ ಮಾಡಿದರು. ನಾನು ಅವರಿಗೆ ಕಾಕಾ ಅನ್ನುತ್ತೇನೆ.

“ತಮ್ಮಾ, ಮೇ ಒಂದನೇ ತಾರೀಖಿನ ಎರಡು ಬಿಲ್ ಎಲ್ಲಿ ಹೋದ್ವು? ನನ್ನ ಡೈರಿಯೊಳಗ ಅದಾವಲ್ಲ.”

ಬಿಲ್ ಪುಸ್ತಕ ತೆಗೆದು ನೋಡಿದೆ. ಇದ್ದವು. ಏಪ್ರಿಲ್ 30 ಬಸವ ಜಯಂತಿ, ಅಂಗಡಿ ಮುಚ್ಚಿತ್ತು. ಮರುದಿನ ಕಾಕಾ ತಂದ ಎರಡು ಆರ್ಡರಿಗೆ ಬಿಲ್ ಹಾಕಿದ್ದೆ, ಒಟ್ಟು ₹46,500. ಅದರ ಕಮಿಷನ್ ₹930. ಮೇ ರಿಪೋರ್ಟಿನಲ್ಲಿ ಅವು ಇರಲಿಲ್ಲ. ಏಪ್ರಿಲ್ ರಿಪೋರ್ಟಿನಲ್ಲೂ ಇರಲಿಲ್ಲ.

ಬೆರಳು ಮಡಚಿ ಎಣಿಸಿದಾಗ ಗೊತ್ತಾಯಿತು. ಜೂನ್ 1ರ ಬೆಳಗ್ಗೆ ರಿಪೋರ್ಟ್ ಓಡಿದಾಗ ‘ಕಳೆದ 30 ದಿನ’ ಅಂದರೆ ಮೇ 31ರಿಂದ ಹಿಂದಕ್ಕೆ 30 ದಿನ. ಅದು ಮೇ 2ಕ್ಕೆ ಮುಗಿಯುತ್ತದೆ. ಮೇ ತಿಂಗಳಿಗೆ 31 ದಿನ, ಒಂದು ದಿನ ಹೊರಗೆ ಉಳಿಯಿತು. ಮೇ 1ರಂದು ಓಡಿದ ಹಿಂದಿನ ರಿಪೋರ್ಟ್ ಏಪ್ರಿಲ್ 1ರಿಂದ 30ರವರೆಗೆ ಸರಿಯಾಗಿಯೇ ಇತ್ತು. ಹಾಗಾಗಿ ಮೇ 1 ಯಾವ ಕಡೆಗೂ ಸೇರಲಿಲ್ಲ.

ಹಿಂದಿನವನ್ನೂ ತೆಗೆದು ನೋಡಿದೆ. ಜನವರಿ 1 ಇಲ್ಲ, ಮಾರ್ಚ್ 1 ಇಲ್ಲ. ಫೆಬ್ರುವರಿಯಲ್ಲಿ ಉಲ್ಟಾ ಆಗಿತ್ತು. 28 ದಿನದ ತಿಂಗಳಲ್ವಾ, ಮಾರ್ಚ್ 1ರಂದು 30 ದಿನ ಹಿಂದೆ ಎಣಿಸಿದರೆ ಜನವರಿ 30ರವರೆಗೆ ಹೋಗುತ್ತದೆ. ಜನವರಿ 30 ಮತ್ತು 31ರ ಬಿಲ್‌ಗಳಿಗೆ ಎರಡೆರಡು ಸಲ ಕಮಿಷನ್ ಕೊಟ್ಟಿದ್ದೆವು. ಯಾರೂ ಕೇಳಿರಲಿಲ್ಲ, ಯಾಕಂದ್ರೆ ಜಾಸ್ತಿ ಬಂದಾಗ ಡೈರಿ ತೆಗೆದು ನೋಡುವವರು ಕಡಿಮೆ. ಕೆಲವು ಸಾಫ್ಟ್‌ವೇರ್ ಇವತ್ತಿನ ದಿನವನ್ನೂ 30ರಲ್ಲಿ ಎಣಿಸುತ್ತವೆ. ಹಾಗಿದ್ದರೆ ಮೇ 2 ಕೂಡ ಹೊರಗೆ ಬೀಳುತ್ತಿತ್ತು, ಜೂನ್ 1ರ ಅರ್ಧಂಬರ್ಧ ವ್ಯಾಪಾರ ಒಳಗೆ ಬರುತ್ತಿತ್ತು.

ಇನ್ನೊಂದು ತೊಂದರೆಯೂ ಇದೆ. ಒಂದನೇ ತಾರೀಖು ಕರೆಂಟ್ ಇಲ್ಲದೆಯೋ ನೆಟ್ ಇಲ್ಲದೆಯೋ ರಿಪೋರ್ಟ್ ಬರಲಿಲ್ಲ, ನಾಲ್ಕನೇ ತಾರೀಖು ಮತ್ತೆ ಓಡಿಸಿದಿರಿ ಅಂದುಕೊಳ್ಳಿ. 30 ದಿನದ ಕಿಟಕಿ ಪೂರ್ತಿ ಮೂರು ದಿನ ಮುಂದೆ ಸರಿದಿರುತ್ತದೆ. ‘ಕಳೆದ ತಿಂಗಳು’ ಹಾಗಲ್ಲ. ಒಂದನೇ ತಾರೀಖು ಓಡಿಸಿ, ಇಪ್ಪತ್ತನೇ ತಾರೀಖು ಓಡಿಸಿ, ಜೂನ್ ಇರುವವರೆಗೆ ಮೇ ತಿಂಗಳನ್ನೇ ಕೊಡುತ್ತದೆ.

ನಮ್ಮ ರಿಪೋರ್ಟ್ PostgreSQL ಅನ್ನುವ ಡೇಟಾಬೇಸ್ ಮೇಲೆ ನಡೆಯುತ್ತದೆ. ಅಲ್ಲಿ ಹೀಗೆ ಬದಲಾಯಿಸಿದೆ:

```sql
WHERE bill_date >= date_trunc('month', CURRENT_DATE)
                   - INTERVAL '1 month'
  AND bill_date <  date_trunc('month', CURRENT_DATE)
```

ಈ ತಿಂಗಳ ಒಂದನೇ ತಾರೀಖನ್ನು ಹಿಡಿದು, ಅದಕ್ಕಿಂತ ಒಂದು ತಿಂಗಳು ಹಿಂದಿನಿಂದ ಅದರ ಹಿಂದಿನ ದಿನದವರೆಗೆ ಅಂತ ಇದರ ಅರ್ಥ. ತಿಂಗಳಿಗೆ 28 ದಿನ ಇರಲಿ, 31 ಇರಲಿ, ನಾನು ಎಣಿಸಬೇಕಾಗಿಲ್ಲ. ಕೋಡ್ ಬರೆಯದವರಿಗೆ ಸಾಫ್ಟ್‌ವೇರಿನ ಪಟ್ಟಿಯಲ್ಲೇ ‘ಹಿಂದಿನ ತಿಂಗಳು’ ಅನ್ನುವ ಆಯ್ಕೆ ಸಾಮಾನ್ಯವಾಗಿ ಇರುತ್ತದೆ.

ಆದರೆ ಇದರಲ್ಲೂ ಒಂದು ಗುಂಡಿ ಇತ್ತು. ಮೊದಲು ರಿಪೋರ್ಟ್ ಬೆಳಗ್ಗೆ 9ಕ್ಕೆ ಓಡುತ್ತಿತ್ತು. ಸಾವ್ಕಾರರು ವಾಕಿಂಗಿಗೆ ಹೊರಡುವ ಮುಂಚೆ ನೋಡಬೇಕು ಅಂದರು, ಜೂನ್ ತಿಂಗಳಲ್ಲೇ ಅದನ್ನು 5ಕ್ಕೆ ತಂದೆ. ಜುಲೈ 1ರಂದು ರಿಪೋರ್ಟ್ ಬಂತು. ಒಟ್ಟು ಮೊತ್ತ ನೋಡಿ ಅನುಮಾನ ಬಂತು. ತಿದ್ದಿ ಕಳಿಸಿದ್ದ ಮೇ ರಿಪೋರ್ಟಿನ ಮೊತ್ತಕ್ಕೂ ಇದಕ್ಕೂ ಒಂದು ರೂಪಾಯಿ ಕೂಡ ವ್ಯತ್ಯಾಸ ಇಲ್ಲ.

ಕಾರಣ ಸರ್ವರಿನ ಗಡಿಯಾರ. ಅದು UTCಯಲ್ಲಿ ನಡೆಯುತ್ತದೆ, ನಮ್ಮ ಸಮಯಕ್ಕಿಂತ ಐದೂವರೆ ತಾಸು ಹಿಂದೆ. ಇಳಕಲ್ಲಿನಲ್ಲಿ ಜುಲೈ 1ರ ಬೆಳಗ್ಗೆ 5 ಆದಾಗ ಅಲ್ಲಿ ಇನ್ನೂ ಜೂನ್ 30ರ ರಾತ್ರಿ ಹನ್ನೊಂದೂವರೆ. ಸರ್ವರಿನ ಪ್ರಕಾರ ಈ ತಿಂಗಳು ಜೂನ್, ಹಾಗಾಗಿ ಕಳೆದ ತಿಂಗಳು ಮೇ. ಬೆಳಗ್ಗೆ ಐದೂವರೆಗಿಂತ ಮುಂಚೆ ಓಡುವ ಯಾವ ರಿಪೋರ್ಟಿಗೂ ಇದು ಆಗಬಹುದು. 9ಕ್ಕೆ ಓಡುತ್ತಿದ್ದಾಗ ಅಲ್ಲೂ ತಾರೀಖು ಬದಲಾಗಿರುತ್ತಿತ್ತು, ಅದಕ್ಕೇ ಕಂಡಿರಲಿಲ್ಲ.

`CURRENT_DATE` ಇದ್ದ ಎರಡೂ ಕಡೆ ಇದನ್ನು ಹಾಕಿದ ಮೇಲೆ ಸರಿಹೋಯಿತು:

```sql
(now() AT TIME ZONE 'Asia/Kolkata')::date
```

ಕೋಡ್ ಮುಟ್ಟುವ ಹಾಗಿಲ್ಲದಿದ್ದರೆ ರಿಪೋರ್ಟ್ ಓಡುವ ಸಮಯವನ್ನು 6ಕ್ಕೆ ಇಟ್ಟರೂ ಸಾಕು. ಆದರೆ ನಾಳೆ ಯಾರಾದರೂ ಸಮಯ ಬದಲಿಸಿದರೆ ಮತ್ತೆ ಅದೇ ಆಗುತ್ತದೆ.

ಇದೆಲ್ಲ ನಾಲ್ಕು ತಿಂಗಳು ಗೊತ್ತಾಗದೆ ಉಳಿದದ್ದಕ್ಕೆ ದೊಡ್ಡ ಕಾರಣ ರಿಪೋರ್ಟಿನ ತಲೆಬರಹ. ‘ಕಮಿಷನ್, ಕಳೆದ 30 ದಿನ’ ಅಂತಷ್ಟೇ ಇತ್ತು. ಯಾವ ದಿನದಿಂದ ಯಾವ ದಿನ ಅಂತ ಎಲ್ಲೂ ಇರಲಿಲ್ಲ. ಈಗ ಮೊದಲ ಸಾಲಿನಲ್ಲೇ ಎರಡೂ ತಾರೀಖು ಮತ್ತು ಎಷ್ಟು ಬಿಲ್ ಅನ್ನುವುದು ಬರುತ್ತದೆ. ಇಮೇಲಿನ ವಿಷಯದ ಸಾಲಿನಲ್ಲೂ ಹಾಕಿದ್ದೇನೆ. ನೀವು ಯಾವ ಬಗೆಯ ತಾರೀಖು ಬಳಸಿದರೂ ಇದೊಂದನ್ನು ಮಾತ್ರ ಇವತ್ತೇ ಸೇರಿಸಿ.

‘ಕಳೆದ 30 ದಿನ’ವನ್ನು ಪೂರ್ತಿ ಬಿಟ್ಟಿಲ್ಲ. ಯಾವ ಬಣ್ಣದ ಸೀರೆ ಓಡುತ್ತಿದೆ ಅಂತ ನೋಡಲು ದಿನದಿನವೂ ಮುಂದೆ ಸರಿಯುವ ಕಿಟಕಿಯೇ ಬೇಕು. ಅದನ್ನು 28 ದಿನ ಮಾಡಿಕೊಂಡಿದ್ದೇನೆ. 30 ದಿನದಲ್ಲಿ ಸಂತೆ ದಿನ ಒಮ್ಮೆ ನಾಲ್ಕು ಸಲ ಬರುತ್ತದೆ, ಒಮ್ಮೆ ಐದು ಸಲ. ವ್ಯಾಪಾರ ಏರಿತು ಅಂತ ಸುಮ್ನೆ ಖುಷಿಪಡುತ್ತೇವೆ, ಏರಿದ್ದು ಸಂತೆ. 28ರಲ್ಲಿ ಯಾವಾಗಲೂ ನಾಲ್ಕೇ.

ಕೈಯಾರೆ ಹಾಕುವ ತಾರೀಖು ಆಡಿಟರಿಗೆ ಬೇಕೇ ಬೇಕು. 1 ಏಪ್ರಿಲ್ 2024ರಿಂದ 31 ಮಾರ್ಚ್ 2025 ಅಂತ ಬರೆದು ಕೊಡುತ್ತೇನೆ. ಅಲ್ಲಿ ‘ಕಳೆದ ವರ್ಷ’ ಅಂತ ಒತ್ತಿದರೆ ಎಷ್ಟೋ ಸಾಫ್ಟ್‌ವೇರ್ ಜನವರಿಯಿಂದ ಡಿಸೆಂಬರ್ ತೆಗೆದುಕೊಳ್ಳುತ್ತವೆ. ಅದನ್ನು ತಾನಾಗಿ ಕಳಿಸಲು ಹೊಂದಿಸುವುದಿಲ್ಲ, ಕೇಳಿದಾಗ ಒಮ್ಮೆ ತೆಗೆದು ಕೊಡುತ್ತೇನೆ.

ಇದಕ್ಕೆ ಹೊಸ ಸಾಫ್ಟ್‌ವೇರ್ ಕೊಳ್ಳಲಿಲ್ಲ, ಅಷ್ಟು ಬಜೆಟ್ಟೂ ಅಂಗಡಿಗೆ ಇಲ್ಲ. ಕಾಕಾನ ₹930 ಜೂನ್‌ನಲ್ಲೇ ಕೊಟ್ಟೆವು. ಎರಡು ಸಲ ಕೊಟ್ಟಿದ್ದನ್ನು ವಾಪಸ್ ಕೇಳುವುದು ಬೇಡ ಅಂದರು ಸಾವ್ಕಾರರು, ತಪ್ಪು ನಮ್ಮದು. ಆಗಸ್ಟ್ 1ರ ರಿಪೋರ್ಟಿನ ತಲೆಯ ಮೇಲೆ 1-7-2025ರಿಂದ 31-7-2025 ಅಂತ ಬಂದಿತ್ತು. ಅದನ್ನು ಕಾಕಾನಿಗೆ ಕಳಿಸಿದೆ. ಡೈರಿ ಮುಂದಿಟ್ಟುಕೊಂಡು ಒಂದನೇ ತಾರೀಖಿನ ಬಿಲ್ಲನ್ನೇ ಮೊದಲು ಹುಡುಕಿದರಂತೆ. “ಐತಿ ತಮ್ಮಾ” ಅಂತ ಫೋನ್ ಮಾಡಿ ಹೇಳಿದರು.